“ನನಗೂ ವೇಟಿಂಗ್ ಪೀರಿಯಡ್ ಇದೆಯಾ?” ಅಂತ ಕೇಳಿದಾಗ ಕಂಪನಿ ಏನು ಹೇಳಬೇಕು?

ಆರೋಗ್ಯ ವಿಮೆ ಕಂಪನಿಯೊಂದರ ಗ್ರಾಹಕ ಸೇವಾ ವಿಭಾಗದಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೆ. ಬಂದ ಇಮೇಲ್‌ಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಹೊಸದಾಗಿ ಪಾಲಿಸಿ ತಗೊಂಡವರಿಂದ ಅತಿ ಜಾಸ್ತಿ ಬರುತ್ತಿದ್ದ ಪ್ರಶ್ನೆ ವೇಟಿಂಗ್ ಪೀರಿಯಡ್ ಬಗ್ಗೆ, ಅಂದರೆ ಪಾಲಿಸಿ ಶುರುವಾದ ಮೇಲೂ ಕೆಲವು ಕಾಯಿಲೆಗಳಿಗೆ ದುಡ್ಡು ಸಿಗದೆ ಕಾಯಬೇಕಾದ ಅವಧಿಯ ಬಗ್ಗೆ: “ನನಗೆ ಮೊದಲಿಂದಲೂ ಶುಗರ್ ಇದೆ, ವೇಟಿಂಗ್ ಪೀರಿಯಡ್ ನನಗೂ ಅನ್ವಯಿಸುತ್ತಾ?”

ಅದಕ್ಕೆ ನಮ್ಮ ಹತ್ತಿರ ಒಂದು ರೆಡಿಮೇಡ್ ಉತ್ತರ ಇತ್ತು. “ಮಾನ್ಯರೇ, ಪಾಲಿಸಿಯ ನಿಯಮಗಳ ಪ್ರಕಾರ ಮೊದಲೇ ಇರುವ ಕಾಯಿಲೆಗಳಿಗೆ 36 ತಿಂಗಳ ಕಾಯುವ ಅವಧಿ ಅನ್ವಯಿಸುತ್ತದೆ. ಹೆಚ್ಚಿನ ವಿವರಕ್ಕೆ ಪಾಲಿಸಿ ದಾಖಲೆ ನೋಡಿ.” ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಓದಿದವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಯಾವ ಕಾಯಿಲೆಗೆ, ಯಾವ ತಾರೀಖಿನವರೆಗೆ, ಎಷ್ಟು ಮೊತ್ತಕ್ಕೆ ಅನ್ನುವುದು ಇದರಲ್ಲಿ ಇಲ್ಲ. ನಾನೂ ಇಂಥ ಉತ್ತರಗಳನ್ನು ನೂರಾರು ಕಳಿಸಿದ್ದೇನೆ. ಸರಿಯಾದ ಉತ್ತರ ಬರೆಯಲು ಇಪ್ಪತ್ತು ನಿಮಿಷ ಬೇಕು, ನಮಗೆ ಸಿಗುತ್ತಿದ್ದದ್ದು ನಾಲ್ಕು.

ಆ ಇಪ್ಪತ್ತು ನಿಮಿಷದಲ್ಲಿ ಏನೇನು ನೋಡಬೇಕು ಅನ್ನುವುದನ್ನು ಇಲ್ಲಿ ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು, ಹಾಸನದಲ್ಲಿರುವ ಅಮ್ಮ ಅಂದುಕೊಳ್ಳಿ. ಅಮ್ಮನಿಗೆ 58 ವರ್ಷ. 2018ರಿಂದ ಶುಗರ್, ದಿನಾ ಮಾತ್ರೆ. ಮಗಳು ಅಮ್ಮನ ಹೆಸರಿನಲ್ಲಿ 5 ಲಕ್ಷ ರೂಪಾಯಿಯ ಪಾಲಿಸಿ ಮಾಡಿಸಿದಳು. ಅದು 15 ಜನವರಿ 2025ರಂದು ಶುರುವಾಯಿತು. ಅರ್ಜಿಯಲ್ಲಿ ಶುಗರ್ ಇದೆ ಅಂತ ಬರೆದಿದ್ದಳು. ಈಗ ಅವಳ ಪ್ರಶ್ನೆ, ಅಮ್ಮನಿಗೆ ಯಾವಾಗಿಂದ ಕ್ಲೇಮ್ ಸಿಗುತ್ತದೆ?

ಮೂರು ಗಡಿಯಾರ

ಮೊದಲು ಒಂದು ಗೊಂದಲ ಬಿಡಿಸೋಣ. ಎಲ್ಲರೂ ವೇಟಿಂಗ್ ಪೀರಿಯಡ್ ಅಂತ ಒಂದೇ ಮಾತಿನಲ್ಲಿ ಹೇಳುತ್ತಾರೆ. ಆದರೆ ಪಾಲಿಸಿ ಶುರುವಾದ ದಿನ ಮೂರು ಗಡಿಯಾರ ಒಟ್ಟಿಗೆ ಓಡಲು ಶುರುಮಾಡುತ್ತವೆ. ನಿಮ್ಮ ಪಾಲಿಸಿ ದಾಖಲೆಯಲ್ಲಿ ಇವಕ್ಕೆ Excl01, Excl02, Excl03 ಅನ್ನುವ ಕೋಡ್ ಇರುತ್ತದೆ. ವಿಮಾ ನಿಯಂತ್ರಕ ಐಆರ್‌ಡಿಎಐ ಈ ಕೋಡ್‌ಗಳನ್ನೂ ಅವುಗಳ ವಾಕ್ಯಗಳನ್ನೂ ಎಲ್ಲ ಕಂಪನಿಗಳಿಗೂ ಒಂದೇ ರೀತಿ ಮಾಡಿದೆ. ಹಾಗಾಗಿ ಯಾವ ಕಂಪನಿಯ ಪಾಲಿಸಿ ಆದರೂ ಇವನ್ನು ಹುಡುಕಿ ಓದಬಹುದು.

Excl03 ಸುಲಭದ್ದು. ಮೊದಲ 30 ದಿನ ಯಾವ ಕಾಯಿಲೆಗೂ ಕ್ಲೇಮ್ ಇಲ್ಲ, ಅಪಘಾತಕ್ಕೆ ಮಾತ್ರ ಮೊದಲ ದಿನದಿಂದಲೇ ಇದೆ. ಅಮ್ಮ ಫೆಬ್ರವರಿ ಮೊದಲ ವಾರದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರೆ ದುಡ್ಡು ಸಿಗುತ್ತದೆ. ಅದೇ ವಾರ ಜ್ವರ ಬಂದು ಅಡ್ಮಿಟ್ ಆದರೆ ಸಿಗುವುದಿಲ್ಲ.

Excl02 ಒಂದು ಪಟ್ಟಿ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಕಿಡ್ನಿ ಕಲ್ಲು, ಗರ್ಭಕೋಶ ತೆಗೆಯುವುದು, ಮಂಡಿ ಬದಲಿಸುವುದು, ಹೀಗೆ ನಿಧಾನವಾಗಿ ಬರುವ, ಆಪರೇಷನ್ ಮುಂದೂಡಲು ಆಗುವ ಸಮಸ್ಯೆಗಳು ಅದರಲ್ಲಿ ಇರುತ್ತವೆ. ಇವಕ್ಕೆ ಹೆಚ್ಚಿನ ಪಾಲಿಸಿಗಳಲ್ಲಿ 24 ತಿಂಗಳು ಕಾಯಬೇಕು. ಪಾಲಿಸಿ ತಗೊಳ್ಳುವಾಗ ಈ ಸಮಸ್ಯೆ ಇರಲೇ ಇಲ್ಲ ಅಂದರೂ ಕಾಯಬೇಕು, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ನಮ್ಮ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ 14 ಜನವರಿ 2027ರವರೆಗೆ ಸಿಗುವುದಿಲ್ಲ. ಒಂದೇ ಕಾಯಿಲೆ ಈ ಪಟ್ಟಿಯಲ್ಲೂ ಇದ್ದು, ಪಾಲಿಸಿಗೆ ಮುಂಚೆಯೂ ಇದ್ದರೆ, ಎರಡರಲ್ಲಿ ಯಾವ ಅವಧಿ ಉದ್ದವೋ ಅದನ್ನೇ ಕಾಯಬೇಕು.

ಮೂರನೆಯದು Excl01. ಮಗಳು ಕೇಳಿದ್ದು ಇದರ ಬಗ್ಗೆ, ನಿಜವಾದ ತಕರಾರು ಹುಟ್ಟುವುದೂ ಇಲ್ಲೇ.

ಯಾವುದು “ಮೊದಲೇ ಇದ್ದ” ಕಾಯಿಲೆ?

ಸಾಮಾನ್ಯ ಮಾತಿನಲ್ಲಿ ಮೊದಲೇ ಇದ್ದದ್ದು ಅಂದರೆ ಯಾವತ್ತೋ ಒಂದು ದಿನ ಇದ್ದದ್ದು. ವಿಮೆಯಲ್ಲಿ ಹಾಗಲ್ಲ. ಅಲ್ಲಿ ಹಿಂದಕ್ಕೆ ನೋಡುವುದಕ್ಕೂ ಒಂದು ಗಡಿ ಇದೆ. ಪಾಲಿಸಿ ಶುರುವಾಗುವ ದಿನದಿಂದ ಹಿಂದಿನ 36 ತಿಂಗಳೊಳಗೆ ವೈದ್ಯರು ಪತ್ತೆ ಮಾಡಿದ ಕಾಯಿಲೆ, ಅಥವಾ ಆ 36 ತಿಂಗಳೊಳಗೆ ವೈದ್ಯರು ಸಲಹೆ ಕೊಟ್ಟ, ಚಿಕಿತ್ಸೆ ಹೇಳಿದ ಇಲ್ಲವೇ ಮಾಡಿದ ಕಾಯಿಲೆ. ಇವೆರಡರಲ್ಲಿ ಒಂದಾದರೂ ಆಗಿದ್ದರೆ ಅದು ಮೊದಲೇ ಇದ್ದ ಕಾಯಿಲೆ. ಈ ಗಡಿ ಮೊದಲು 48 ತಿಂಗಳು ಇತ್ತು. 1 ಏಪ್ರಿಲ್ 2024ರಿಂದ ಬಂದ ನಿಯಮಗಳಲ್ಲಿ 36 ಆಯಿತು. ಕಾಯಿಸುವ ಅವಧಿಯ ಗರಿಷ್ಠ ಮಿತಿಯೂ ಆಗಲೇ 48ರಿಂದ 36 ತಿಂಗಳಿಗೆ ಇಳಿಯಿತು. 36 ಅನ್ನುವುದು ಮೇಲಿನ ಮಿತಿ ಅಷ್ಟೇ. ಕಂಪನಿ ಅದಕ್ಕಿಂತ ಕಡಿಮೆ ಇಡಬಹುದು, ಕೆಲವು ಕಂಪನಿಗಳು ಜಾಸ್ತಿ ಪ್ರೀಮಿಯಂ ತಗೊಂಡು ಇನ್ನೂ ಕಡಿಮೆ ಮಾಡಿಕೊಡುತ್ತವೆ. ಆದರೆ ಆ ಆಯ್ಕೆಯನ್ನು ಸಾಮಾನ್ಯವಾಗಿ ಪಾಲಿಸಿ ತಗೊಳ್ಳುವಾಗಲೇ ಮಾಡಬೇಕು. ಕಾಯಿಲೆ ಜೋರಾದ ಮೇಲೆ ಸೇರಿಸಿಕೊಳ್ಳುವುದಿಲ್ಲ.

ಅಮ್ಮನ ಶುಗರ್ ಪತ್ತೆಯಾದದ್ದು 2018ರಲ್ಲಿ. ಅದು 36 ತಿಂಗಳಿಗಿಂತ ಹಳೆಯದು. ಹಾಗಾದರೆ ತಪ್ಪಿಸಿಕೊಂಡರಾ? ಇಲ್ಲ. ಅವರು ದಿನಾ ಮಾತ್ರೆ ನುಂಗುತ್ತಿದ್ದಾರೆ, ಮೂರು ತಿಂಗಳಿಗೊಮ್ಮೆ ಡಾಕ್ಟರ್ ಹತ್ತಿರ ಹೋಗುತ್ತಾರೆ. ಎರಡನೇ ಷರತ್ತು ಹಿಡಿಯುತ್ತದೆ. ಶುಗರ್, ಬಿಪಿ, ಥೈರಾಯ್ಡ್ ಥರದ, ಮಾತ್ರೆ ನಿಲ್ಲಿಸಲಾಗದ ಕಾಯಿಲೆಗಳಿಗೆ ಈ ಹಿಂದಿನ ಗಡಿಯಿಂದ ಏನೂ ಲಾಭ ಇಲ್ಲ.

ಲಾಭ ಆಗುವುದು ಬೇರೆ ಥರದವರಿಗೆ. 2016ರಲ್ಲಿ ಅಮ್ಮನಿಗೆ ಪಿತ್ತಕೋಶದ ತೊಂದರೆ ಬಂದು, ವಾಸಿಯಾಗಿ, ಆಮೇಲೆ ಒಂದು ಸಲವೂ ಡಾಕ್ಟರ್ ಹತ್ತಿರ ಹೋಗದೆ ಇದ್ದರೆ, Excl01ರ ಲೆಕ್ಕದಲ್ಲಿ ಅದು ಮೊದಲೇ ಇದ್ದ ಕಾಯಿಲೆ ಅಲ್ಲ. ಆದರೆ ಇಲ್ಲಿ ಒಂದು ಕೊಕ್ಕೆ ಇದೆ. ಕಾಯುವ ಅವಧಿಗೆ ಲೆಕ್ಕವಿಲ್ಲ ಅಂದ ಮಾತ್ರಕ್ಕೆ ಹೇಳಬೇಕಾಗಿಲ್ಲ ಅಂತಲ್ಲ. ಅರ್ಜಿಯಲ್ಲಿ “ಈ ಹಿಂದೆ ಯಾವಾಗಲಾದರೂ ಆಸ್ಪತ್ರೆಗೆ ಸೇರಿದ್ದೀರಾ?” ಅಂತ ಕೇಳಿದ್ದರೆ 2016ರದ್ದನ್ನೂ ಬರೆಯಬೇಕು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಒಂದು, ಕಾಯುವ ಅವಧಿ ಇನ್ನೊಂದು. ಇವೆರಡನ್ನೂ ಕಲಸಿಕೊಂಡು ಕ್ಲೇಮ್ ಕಳಕೊಂಡವರನ್ನು ನಾನು ನೋಡಿದ್ದೇನೆ.

“ನೇರ ತೊಡಕು” ಅನ್ನುವ ಎರಡು ಪದ

Excl01ರ ಮೊದಲ ವಾಕ್ಯದ ಸಾರ ಇಷ್ಟು. ಮೊದಲೇ ಇದ್ದ ಕಾಯಿಲೆಗೂ ಅದರ ನೇರ ತೊಡಕುಗಳಿಗೂ ಆಗುವ ಚಿಕಿತ್ಸೆಯ ಖರ್ಚು, ಮೊದಲ ಪಾಲಿಸಿ ಶುರುವಾದ ದಿನದಿಂದ ಇಷ್ಟು ತಿಂಗಳ ನಿರಂತರ ವಿಮೆ ಮುಗಿಯುವವರೆಗೆ ಸಿಗುವುದಿಲ್ಲ. ಇದರಲ್ಲಿ “ನೇರ ತೊಡಕು” ಅನ್ನುವುದರ ಮೇಲೆ ನಡೆದಷ್ಟು ಜಗಳ ಇನ್ನಾವುದರ ಮೇಲೂ ನಡೆಯುವುದಿಲ್ಲ.

ಅಮ್ಮನಿಗೆ ಜುಲೈ 2025ರಲ್ಲಿ ಡೆಂಗಿ ಬಂತು ಅಂದುಕೊಳ್ಳಿ. ಐದು ದಿನ ಆಸ್ಪತ್ರೆ. ಡೆಂಗಿ ಸೊಳ್ಳೆಯಿಂದ ಬಂದದ್ದು, ಶುಗರ್‌ನಿಂದ ಬಂದದ್ದಲ್ಲ. ಕ್ಲೇಮ್ ಸಿಗಬೇಕು. ಶುಗರ್ ಇರುವವರಿಗೆ ಮೂರು ವರ್ಷ ಏನೂ ಸಿಗುವುದಿಲ್ಲ ಅನ್ನುವ ನಂಬಿಕೆ ಊರೆಲ್ಲ ಇದೆ. ಅದು ತಪ್ಪು. ಕಾಯಬೇಕಾದದ್ದು ಆ ಕಾಯಿಲೆಗೆ ಮಾತ್ರ, ಆ ಮನುಷ್ಯನಿಗೆ ಅಲ್ಲ.

ಕಾಲಿನ ಗಾಯ ವಾಸಿಯಾಗದೆ ಕೊಳೆತು, ಬೆರಳು ತೆಗೆಯಬೇಕಾಯಿತು ಅಂದರೆ ಕಂಪನಿ ಅದನ್ನು ಶುಗರ್‌ನ ನೇರ ತೊಡಕು ಅನ್ನುತ್ತದೆ. ವೈದ್ಯರ ಚೀಟಿಯಲ್ಲೇ “ಡಯಾಬಿಟಿಕ್ ಫುಟ್” ಅಂತ ಇರುತ್ತದೆ. ಅಲ್ಲಿ ವಾದ ಮಾಡಲು ಜಾಗ ಕಡಿಮೆ. ಸಕ್ಕರೆ ವಿಪರೀತ ಏರಿ ಐಸಿಯುಗೆ ಸೇರಿದರೂ ಅಷ್ಟೇ.

ಕಷ್ಟ ಇರುವುದು ನಡುವಿನ ಕೇಸುಗಳಲ್ಲಿ. ಹೃದಯಾಘಾತ ತಗೊಳ್ಳಿ. ಶುಗರ್ ಇರುವವರಿಗೆ ಹೃದಯದ ಅಪಾಯ ಜಾಸ್ತಿ ಅನ್ನುವುದು ನಿಜ. ಆದರೆ ಅಪಾಯ ಜಾಸ್ತಿ ಅನ್ನುವುದೂ, ಈ ಹೃದಯಾಘಾತ ಶುಗರ್‌ನಿಂದಲೇ ಆಯಿತು ಅನ್ನುವುದೂ ಒಂದೇ ಅಲ್ಲ. ವಯಸ್ಸು, ಕೊಬ್ಬು, ಬೀಡಿ, ಮನೆತನ, ಎಷ್ಟೋ ಕಾರಣ ಇರಬಹುದು. ಸುಪ್ರೀಂ ಕೋರ್ಟಿನ ಮುಂದೆ ಇದಕ್ಕೆ ಹತ್ತಿರದ ಒಂದು ಕೇಸ್ ಬಂದಿತ್ತು. ಶುಗರ್ ಇದೆ ಅಂತ ಹೇಳಿಯೇ ವಿದೇಶ ಪ್ರವಾಸದ ವಿಮೆ ಮಾಡಿಸಿದ್ದ ವ್ಯಕ್ತಿಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣ ತಲುಪಿದಾಗ ಹೃದಯಾಘಾತ ಆಯಿತು. ಮೊದಲೇ ಇದ್ದ ಕಾಯಿಲೆ ಅಂತ ಕಂಪನಿ ದುಡ್ಡು ಕೊಡಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕೋರ್ಟ್ ಆತನ ಪರ ತೀರ್ಪು ಕೊಟ್ಟಿತು. ಆರೋಗ್ಯದ ಸ್ಥಿತಿ ತಿಳಿದುಕೊಂಡು, ತೂಗಿ ನೋಡಿ ಪಾಲಿಸಿ ಕೊಟ್ಟ ಮೇಲೆ, ಹೇಳಿದ ಕಾಯಿಲೆಯನ್ನೇ ಮುಂದೆ ಮಾಡಿ ಕ್ಲೇಮ್ ತಳ್ಳಿಹಾಕುವಂತಿಲ್ಲ ಅನ್ನುವುದು ಅದರ ಸಾರ. ಅದು ಪ್ರವಾಸದ ಪಾಲಿಸಿ, ಅಲ್ಲಿನ ಷರತ್ತುಗಳು ಬೇರೆ. ಹಾಗಾಗಿ Excl01 ಇರುವ ಮಾಮೂಲಿ ಪಾಲಿಸಿಗೆ ಈ ತೀರ್ಪು ತಾನಾಗಿ ಅನ್ವಯಿಸುತ್ತದೆ ಅಂತ ನಾನು ಹೇಳಲಾರೆ. ಆದರೆ ಶುಗರ್ ಅನ್ನುವ ಒಂದೇ ಪದ ತೋರಿಸಿ ತಳ್ಳಿಹಾಕಿದರೆ, “ನೇರ ತೊಡಕು ಅನ್ನಲು ನಿಮ್ಮ ವೈದ್ಯರು ಕೊಟ್ಟ ಕಾರಣ ಬರಹದಲ್ಲಿ ಕೊಡಿ” ಅಂತ ಕೇಳುವುದು ನ್ಯಾಯವೇ.

ಇನ್ನು ಆಸ್ಪತ್ರೆಯ ಕಾಗದದ ವಿಷಯ. ಡೆಂಗಿಗೆ ಸೇರಿದ ದಿನ ರಾತ್ರಿ ಡ್ಯೂಟಿ ಡಾಕ್ಟರ್ ಬಂದು ಕೇಳುತ್ತಾರೆ, “ಅಮ್ಮಾ, ಶುಗರ್ ಎಷ್ಟು ವರ್ಷದಿಂದ?” ಜ್ವರದಲ್ಲಿದ್ದ ಅಮ್ಮ “ಬಹಳ ವರ್ಷ ಆಯ್ತಪ್ಪ, ಹತ್ತು ಹನ್ನೆರಡು” ಅಂತಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ 12 ವರ್ಷ ಅಂತ ಬರುತ್ತದೆ. ಅರ್ಜಿಯಲ್ಲಿ 2018 ಅಂತ ಇದೆ. ಕಂಪನಿಯ ಪರವಾಗಿ ಕ್ಲೇಮ್ ನೋಡುವ ಮಧ್ಯವರ್ತಿ ಸಂಸ್ಥೆಯಾದ ಟಿಪಿಎಯವರಿಗೆ ಇದು ಸಾಕು, “ಮುಚ್ಚಿಟ್ಟಿದ್ದೀರಿ” ಅನ್ನುವ ದಾರಿ ತೆರೆಯಿತು. ಅದಕ್ಕೇ ಮನೆಯವರಲ್ಲಿ ಒಬ್ಬರು ಆ ಪ್ರಶ್ನೆಗೆ ಸರಿಯಾದ ವರ್ಷ ಹೇಳಬೇಕು. ಡಿಸ್ಚಾರ್ಜ್‌ಗೆ ಮುಂಚೆ ಕರಡು ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಬೇಕು. ಮನೆಗೆ ಬಂದ ಮೇಲೆ ತಿದ್ದಿಸಿದರೆ ಅದಕ್ಕೂ ಅನುಮಾನ ಶುರುವಾಗುತ್ತದೆ. ಮೊಟ್ಟಮೊದಲ ಶುಗರ್ ರಿಪೋರ್ಟು ಮನೆಯಲ್ಲಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

“ಹೊಸ” ಗ್ರಾಹಕರು ನಿಜಕ್ಕೂ ಹೊಸಬರಾ?

ಕಂಪನಿಗೆ ಹೊಸಬರಾದರೂ ವಿಮೆಗೆ ಹೊಸಬರಲ್ಲದೆ ಇರಬಹುದು. ರೆಡಿಮೇಡ್ ಉತ್ತರದಲ್ಲಿ ಈ ಪ್ರಶ್ನೆಯನ್ನೇ ಕೇಳುವುದಿಲ್ಲ, ಗ್ರಾಹಕರಿಗೆ ಅತಿ ಹೆಚ್ಚು ನಷ್ಟ ಆಗುವುದೂ ಇಲ್ಲೇ ಅಂತ ನನಗನ್ನಿಸುತ್ತದೆ.

ಬೇರೆ ಕಂಪನಿಯಲ್ಲಿ ಎರಡು ವರ್ಷ ಪಾಲಿಸಿ ಇದ್ದು, ಮಧ್ಯೆ ಬಿಡುವಿಲ್ಲದೆ ಪೋರ್ಟ್ ಮಾಡಿಕೊಂಡು, ಅಂದರೆ ಆ ವಿಮೆಯನ್ನು ಹೊಸ ಕಂಪನಿಗೆ ವರ್ಗಾಯಿಸಿಕೊಂಡು ಬಂದವರಿಗೆ ಆ ಎರಡು ವರ್ಷ ಲೆಕ್ಕಕ್ಕೆ ಸಿಗುತ್ತದೆ. ಹೊಸ ಪಾಲಿಸಿಯಲ್ಲಿ 36 ತಿಂಗಳು ಇದ್ದರೆ ಉಳಿದದ್ದು 12 ಮಾತ್ರ. ಇದು ಕಂಪನಿ ತೋರುವ ದಯೆ ಅಲ್ಲ, Excl01ರ ಒಳಗೇ ಬರೆದಿರುವ ಹಕ್ಕು. ಆದರೆ ಲೆಕ್ಕ ಸಿಗುವುದು ಹಳೆಯ ಮೊತ್ತಕ್ಕೆ ಮತ್ತು ಅದಕ್ಕೆ ಸೇರಿದ ಬೋನಸ್‌ಗೆ ಮಾತ್ರ. ಹಳೆಯದು 3 ಲಕ್ಷ, ಹೊಸದು 5 ಲಕ್ಷ ಆದರೆ, ಮೂರು ಲಕ್ಷಕ್ಕೆ ಒಂದು ವರ್ಷ ಕಾದರೆ ಸಾಕು, ಮೇಲಿನ ಎರಡು ಲಕ್ಷಕ್ಕೆ ಪೂರ್ತಿ ಮೂರು ವರ್ಷ. ಮುಂದೆ ಯಾವತ್ತಾದರೂ ಮೊತ್ತ ಹೆಚ್ಚಿಸಿದರೂ, ಹೆಚ್ಚಿಸಿದ ಭಾಗಕ್ಕೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

ನಮ್ಮ ಮಗಳ ಕಥೆಯಲ್ಲಿ ಒಂದು ವಿಷಯ ನಾನಿನ್ನೂ ಹೇಳಿಲ್ಲ. ಅವಳ ಹಿಂದಿನ ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ ಅಮ್ಮನೂ ಇದ್ದರು. 1 ಅಕ್ಟೋಬರ್ 2022ರಿಂದ 30 ಸೆಪ್ಟೆಂಬರ್ 2024ರವರೆಗೆ, 3 ಲಕ್ಷ. ಆ ಪಾಲಿಸಿಯಲ್ಲಿ ಶುಗರ್‌ಗೂ ಮೊದಲ ದಿನದಿಂದಲೇ ದುಡ್ಡು ಸಿಗುತ್ತಿತ್ತು, ದೊಡ್ಡ ಆಫೀಸುಗಳು ಹೀಗೆ ಮಾಡಿಸಿಕೊಂಡಿರುತ್ತವೆ. ಸೆಪ್ಟೆಂಬರ್ ಕೊನೆಗೆ ಅವಳು ಕೆಲಸ ಬಿಟ್ಟಳು, ವಿಮೆಯೂ ನಿಂತಿತು. ಹೊಸ ಪಾಲಿಸಿ ಮಾಡಿಸಿದ್ದು ಜನವರಿಯಲ್ಲಿ. ನಡುವೆ ಮೂರೂವರೆ ತಿಂಗಳು ಖಾಲಿ.

ಆ ಖಾಲಿ ಜಾಗದಿಂದ ಎರಡು ವರ್ಷ ಹೋಯಿತು. ಕೆಲಸ ಬಿಡುವ ಮುಂಚೆ, ಗ್ರೂಪ್ ಪಾಲಿಸಿ ಕೊಟ್ಟ ಅದೇ ಕಂಪನಿಗೆ “ನಮ್ಮನ್ನು ನಿಮ್ಮ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿ” ಅಂತ ಅರ್ಜಿ ಹಾಕಬಹುದಿತ್ತು. ವಿಮೆಯವರ ಮಾತಿನಲ್ಲಿ ಇದು ಮೈಗ್ರೇಷನ್. ಅದು ಒಪ್ಪಿಗೆಯಾಗಿ 1 ಅಕ್ಟೋಬರ್ 2024ರಿಂದ ಹೊಸ ಪಾಲಿಸಿ ಶುರುವಾಗಿದ್ದರೆ, ಗ್ರೂಪ್‌ನಲ್ಲಿ ಕಳೆದ 24 ತಿಂಗಳು ಲೆಕ್ಕಕ್ಕೆ ಬಂದು, 3 ಲಕ್ಷದ ಮಟ್ಟಿಗೆ ಶುಗರ್‌ನ ಕಾಯುವಿಕೆ 30 ಸೆಪ್ಟೆಂಬರ್ 2025ಕ್ಕೆ ಮುಗಿಯುತ್ತಿತ್ತು. ಈಗ ಅದು 14 ಜನವರಿ 2028ರವರೆಗೆ. ಇದನ್ನು ಎಚ್‌ಆರ್‌ನವರು ಹೇಳಲಿಲ್ಲ, ಹೊಸ ಪಾಲಿಸಿ ಮಾಡಿದ ಏಜೆಂಟ್ ಕೇಳಲಿಲ್ಲ. ಇಂಥ ಇಮೇಲ್‌ಗೆ ಉತ್ತರ ಬರೆಯುವಾಗ ಕೈ ಭಾರ ಆಗುತ್ತಿತ್ತು. ಏಕೆಂದರೆ ಆ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಪೋರ್ಟ್ ಮಾಡುವವರು ಹಳೆಯ ಪಾಲಿಸಿಯ ಕೊನೆಯ ದಿನಕ್ಕೆ ಒಂದೂವರೆ ತಿಂಗಳಾದರೂ ಮೊದಲು ಅರ್ಜಿ ಹಾಕುವುದು ಕ್ಷೇಮ. ಹೊಸ ಕಂಪನಿ ಬೇಡ ಅಂದರೂ ಹಳೆಯದನ್ನೇ ನವೀಕರಿಸಲು ಸಮಯ ಉಳಿಯುತ್ತದೆ. ವರ್ಷಕ್ಕೊಮ್ಮೆ ಪ್ರೀಮಿಯಂ ಕಟ್ಟುವ ಪಾಲಿಸಿಯ ನವೀಕರಣಕ್ಕೆ 30 ದಿನದ ಹೆಚ್ಚುವರಿ ಸಮಯ ಇದೆ. ಅದರೊಳಗೆ ಕಟ್ಟಿದರೆ ಕಾದ ಅವಧಿ ಹಾಳಾಗುವುದಿಲ್ಲ. ಆದರೆ ಕಟ್ಟುವವರೆಗಿನ ಆ ಖಾಲಿ ದಿನಗಳಲ್ಲಿ ಬಂದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ. 30 ದಿನ ದಾಟಿದರೆ ಕಾದದ್ದೆಲ್ಲ ನೀರಿನಲ್ಲಿ ಹೋಮ.

ಅರ್ಜಿಯಲ್ಲಿ ಇದ್ದರೆ ಮಾತ್ರ

Excl01ರ ಕೊನೆಯ ಸಾಲನ್ನು ಯಾರೂ ಓದುವುದಿಲ್ಲ. ಅವಧಿ ಮುಗಿದ ಮೇಲೂ ಆ ಕಾಯಿಲೆಗೆ ದುಡ್ಡು ಸಿಗುವುದು, ಅರ್ಜಿ ಹಾಕುವಾಗ ಅದನ್ನು ಹೇಳಿದ್ದು, ಕಂಪನಿ ಒಪ್ಪಿಕೊಂಡಿದ್ದರೆ ಮಾತ್ರ ಅನ್ನುತ್ತದೆ ಅದು. ಅಂದರೆ ಹೇಳದೆ ಮೂರು ವರ್ಷ ಕಾದರೆ, ಕಾದದ್ದು ಸುಮ್ನೆ.

ಇಲ್ಲಿ ನಡೆಯುವ ತಪ್ಪು ಬಹುಪಾಲು ಗ್ರಾಹಕರದ್ದಲ್ಲ. ಫೋನಿನಲ್ಲೇ ಅರ್ಜಿ ತುಂಬುವ ಏಜೆಂಟ್, “ಸರ್, ಬಿಪಿ ಶುಗರ್ ಎಲ್ಲ ಮಾಮೂಲಿ, ಹಾಕಿದ್ರೆ ಪ್ರೀಮಿಯಂ ಏರುತ್ತೆ” ಅಂತ ಎಲ್ಲಕ್ಕೂ “ಇಲ್ಲ” ಒತ್ತಿಬಿಡುತ್ತಾನೆ. ಒಟಿಪಿ ಹೇಳಿದ್ದು ನೀವು. ಕಾನೂನಿನ ಕಣ್ಣಿಗೆ ಉತ್ತರ ಕೊಟ್ಟಿದ್ದೂ ನೀವೇ. ಪಾಲಿಸಿಯ ಜೊತೆ ನಿಮ್ಮ ಅರ್ಜಿಯ ಪ್ರತಿ ಬಂದಿರುತ್ತದೆ. ಅದರಲ್ಲಿ ಆರೋಗ್ಯದ ಪ್ರಶ್ನೆಗಳ ಪುಟ ತೆಗೆದು ನೋಡಿ. ತಪ್ಪಿದ್ದರೆ ತಕ್ಷಣ ಬರಹದಲ್ಲಿ ತಿಳಿಸಿ. ಪಾಲಿಸಿ ಕೈಗೆ ಬಂದು 30 ದಿನದೊಳಗೆ ಆದರೆ, ಬೇಡ ಅನ್ನಿಸಿದರೆ ವಾಪಸ್ ಕೊಡುವ ಹಕ್ಕೂ ಇದೆ.

ಇನ್ನೊಂದು ಗಡಿಯಾರವೂ ಇದೆ, ಮೊರಟೋರಿಯಂ ಅಂತ. ನಿರಂತರ 60 ತಿಂಗಳು ವಿಮೆ ನಡೆದ ಮೇಲೆ, ನೀವು ಏನೋ ಹೇಳಿರಲಿಲ್ಲ ಅನ್ನುವ ಕಾರಣಕ್ಕೆ ಕಂಪನಿ ಕ್ಲೇಮ್ ತಳ್ಳಿಹಾಕುವಂತಿಲ್ಲ. ಮೋಸ ಮಾಡಿದ್ದೀರಿ ಅಂತ ಸಾಬೀತು ಮಾಡಿದರೆ ಮಾತ್ರ ತಳ್ಳಬಹುದು. ಇದೂ ಮೊದಲು ಎಂಟು ವರ್ಷ ಇತ್ತು, 2024ರಲ್ಲಿ ಐದಕ್ಕೆ ಇಳಿಯಿತು. ಇದನ್ನು ಕೇಳಿ “ಹಾಗಾದ್ರೆ ಹೇಳದೆ ಐದು ವರ್ಷ ತಳ್ಳಿಬಿಡೋಣ” ಅಂತ ಲೆಕ್ಕ ಹಾಕುವವರು ಇದ್ದಾರೆ. 58 ವರ್ಷದ ಅಮ್ಮ ಐದು ವರ್ಷ ಆಸ್ಪತ್ರೆಗೆ ಹೋಗದೆ ಇರುತ್ತಾರೆ ಅನ್ನುವುದು ಆ ಲೆಕ್ಕದೊಳಗಿನ ಜೂಜು. ಹೇಳಿ ಕಾಯುವುದು ಮೂರು ವರ್ಷ ಮಾತ್ರ.

ಈಗ ಆ ಉತ್ತರ

ಇಷ್ಟನ್ನೂ ನೋಡಿದ ಮೇಲೆ ಮಗಳಿಗೆ ನಾನು ಬರೆಯಬೇಕಿದ್ದ ಉತ್ತರ ಹೀಗಿರುತ್ತಿತ್ತು.

“ಮಾನ್ಯರೇ, ನಿಮ್ಮ ತಾಯಿಯವರ ಪಾಲಿಸಿ 15 ಜನವರಿ 2025ರಂದು ಶುರುವಾಗಿದೆ. ಅರ್ಜಿಯಲ್ಲಿ ನೀವು 2018ರಿಂದ ಮಧುಮೇಹ ಇದೆ ಎಂದು ತಿಳಿಸಿದ್ದೀರಿ, ನಾವು ಅದನ್ನು ಒಪ್ಪಿಕೊಂಡಿದ್ದೇವೆ. ಅವರಿಗೆ ಈಗಲೂ ಚಿಕಿತ್ಸೆ ನಡೆಯುತ್ತಿರುವುದರಿಂದ ಅದು ಮೊದಲೇ ಇದ್ದ ಕಾಯಿಲೆ. ಹಾಗಾಗಿ ಮಧುಮೇಹಕ್ಕೆ ಮತ್ತು ಅದರ ನೇರ ತೊಡಕುಗಳಿಗೆ 14 ಜನವರಿ 2028ರವರೆಗೆ ಖರ್ಚು ಸಿಗುವುದಿಲ್ಲ. ಮಧ್ಯೆ ಬಿಡದೆ ನವೀಕರಿಸಿದರೆ 15 ಜನವರಿ 2028ರಿಂದ ಪೂರ್ತಿ 5 ಲಕ್ಷದ ಮಿತಿಯಲ್ಲಿ ಸಿಗುತ್ತದೆ.

ಇದಕ್ಕೆ ಸಂಬಂಧವಿಲ್ಲದ ಕಾಯಿಲೆಗಳಿಗೆ ಮೊದಲ 30 ದಿನದ ನಂತರ, ಅಪಘಾತಕ್ಕೆ ಮೊದಲ ದಿನದಿಂದಲೇ ಖರ್ಚು ಸಿಗುತ್ತದೆ. ಪಾಲಿಸಿಯ Excl02 ಪಟ್ಟಿಯಲ್ಲಿರುವ ಕಣ್ಣಿನ ಪೊರೆ ಮುಂತಾದವಕ್ಕೆ 14 ಜನವರಿ 2027ರವರೆಗೆ ಕಾಯಬೇಕು. ಆ ಸಮಸ್ಯೆ ಮಧುಮೇಹದಿಂದಲೇ ಬಂದಿದ್ದರೆ 2028ರ ತಾರೀಖು ಅನ್ವಯಿಸುತ್ತದೆ.

ನಿಮ್ಮ ತಾಯಿಯವರಿಗೆ ಇದಕ್ಕೂ ಮುಂಚೆ ಬೇರೆ ವಿಮೆ ಇತ್ತೇ? ಇದ್ದಲ್ಲಿ ಅದರ ಶುರುವಿನ ಮತ್ತು ಕೊನೆಯ ತಾರೀಖು, ಮೊತ್ತ ತಿಳಿಸಿ. ಮಧ್ಯೆ ಬಿಡುವಿಲ್ಲದಿದ್ದರೆ ಮೇಲಿನ ತಾರೀಖು ಬದಲಾಗಬಹುದು.”

ಕಾಯಿಲೆಯ ಹೆಸರು, ತಾರೀಖು, ಮೊತ್ತ, ಏನು ಸಿಗುತ್ತದೆ ಅನ್ನುವುದು, ಹಳೆಯ ವಿಮೆಯ ಪ್ರಶ್ನೆ. ಇವು ಇಲ್ಲದ ಉತ್ತರ ಬಂದರೆ ಸುಮ್ಮನಾಗಬೇಡಿ. “ನನ್ನ ಪಾಲಿಸಿಯಲ್ಲಿ ಈ ಕಾಯಿಲೆಗೆ ಯಾವ ತಾರೀಖಿನಿಂದ, ಎಷ್ಟು ಮೊತ್ತದವರೆಗೆ ಸಿಗುತ್ತದೆ?” ಅಂತ ಒಂದೇ ಸಾಲು ಬರೆದು ಮತ್ತೆ ಕಳಿಸಿ. ಫೋನಿನಲ್ಲಿ ಕೇಳಿದರೆ ಸಾಲದು, ಇಮೇಲ್ ಮಾಡಿ. ಮುಂದೆ ಕ್ಲೇಮ್ ಸಮಯದಲ್ಲಿ ಆ ಇಮೇಲ್ ಕಂಪನಿಯದೇ ಮಾತಾಗಿ ನಿಮ್ಮ ಕೈಲಿರುತ್ತದೆ. ಪಾಲಿಸಿಯ ಜೊತೆ ಬರುವ ಗ್ರಾಹಕ ಮಾಹಿತಿ ಹಾಳೆಯಲ್ಲೂ ಕಾಯುವ ಅವಧಿಗಳನ್ನು ಬರೆದಿರಬೇಕು. ಆ ಹಾಳೆಯನ್ನು ಕನ್ನಡದಲ್ಲಿ ಕೊಡಿ ಅಂತ ಕೇಳಬಹುದು, ಕೇಳಿದರೆ ಕೊಡಬೇಕು. ಕೇಳುವವರು ಕಡಿಮೆ ಅಷ್ಟೇ.

ಕ್ಲೇಮ್ ತಳ್ಳಿಹಾಕಿದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಯಾವ ಷರತ್ತಿನ ಯಾವ ಸಾಲಿನ ಪ್ರಕಾರ ತಳ್ಳಿದ್ದು ಅಂತ ಕೇಳಿ. 2024ರ ನಿಯಮದಂತೆ ಕ್ಲೇಮ್ ತಳ್ಳಲು ಕಂಪನಿಯೊಳಗಿನ ಸಮಿತಿಯ ಒಪ್ಪಿಗೆ ಬೇಕು, ಒಬ್ಬ ನೌಕರ ತಾನೇ ತಾನಾಗಿ ತಳ್ಳುವಂತಿಲ್ಲ. ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ಫೋನ್ ಮಾಡಿಯೂ ದೂರು ದಾಖಲಿಸಬಹುದು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಇಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕರ್ನಾಟಕದವರಿಗೆ ಅದರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಒಯ್ಯಬೇಕಾದದ್ದು ಪಾಲಿಸಿ, ಅರ್ಜಿಯ ಪ್ರತಿ, ಡಿಸ್ಚಾರ್ಜ್ ಸಮ್ಮರಿ, ಕಂಪನಿ ಕಳಿಸಿದ ಪತ್ರಗಳು, ಮತ್ತು ಇದ್ದರೆ ಆ ಮೊದಲ ಶುಗರ್ ರಿಪೋರ್ಟು.